ಅಂಗಡಿಯ ಹಣವೂ ಮನೆಯ ಹಣವೂ

2025ರ ಜುಲೈ ತಿಂಗಳಿನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆಗಳ ಇಲಾಖೆಯು ಯು.ಪಿ.ಐ. ಮೂಲಕ ಜಮೆಯಾದ ಮೊತ್ತಗಳನ್ನು ಆಧರಿಸಿ ಅನೇಕ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದಾಗ, ಬಂದುದೆಲ್ಲವೂ ವ್ಯಾಪಾರದ ಹಣವಲ್ಲ, ಬಂಧುಗಳು ಕಳುಹಿಸಿದುದೂ ಕೈಸಾಲವೂ ಅದರಲ್ಲಿ ಸೇರಿವೆಯೆಂದು ಹಲವರು ಅರಿಕೆ ಮಾಡಿಕೊಂಡರು. ಆ ಮಾತು ದಿಟವೇ ಆಗಿದ್ದರೂ, ಎಲ್ಲವೂ ಒಂದೇ ಖಾತೆಯಲ್ಲಿ ಬೆರೆತಿರುವಾಗ ಯಾವುದು ಯಾವುದೆಂದು ವಿಂಗಡಿಸಿ ತೋರಿಸುವ ಭಾರವು ವ್ಯಾಪಾರಿಯ ಮೇಲೆಯೇ ಬೀಳುತ್ತದೆ.

ಒಬ್ಬನೇ ಮಾಲೀಕನಿರುವ ಅಂಗಡಿಯನ್ನು ಕಾನೂನು ಆ ಮಾಲೀಕನಿಂದ ಬೇರೆಯಾದ ವ್ಯಕ್ತಿಯೆಂದು ಪರಿಗಣಿಸುವುದಿಲ್ಲ. ಆದುದರಿಂದ ಚಾಲ್ತಿ ಖಾತೆಯನ್ನು ಪ್ರತ್ಯೇಕಿಸಿದ ಮಾತ್ರಕ್ಕೆ ಅಂಗಡಿಗೆ ಸಾಲ ಕೊಟ್ಟವರಿಂದ ಮನೆಗೆ ರಕ್ಷಣೆ ದೊರೆಯದು. ದೊರೆಯುವುದು ಲೆಕ್ಕದ ಸ್ಪಷ್ಟತೆ. ಮಾಲೀಕನು ಸ್ವಂತಕ್ಕೆಂದು ತೆಗೆದುಕೊಂಡ ಹಣವು ವ್ಯಾಪಾರದ ವೆಚ್ಚವಲ್ಲ. ಆದಾಯ ತೆರಿಗೆಯು ಲಾಭದ ಮೇಲೆ ಬೀಳುತ್ತದೆಯೇ ಹೊರತು ಅವನು ತೆಗೆದುಕೊಂಡ ಮೊತ್ತದ ಮೇಲಲ್ಲ. ಅಂಗಡಿಯ ಓವರ್‌ಡ್ರಾಫ್ಟಿನಿಂದ ಹಣವೆತ್ತಿ ಸ್ವಂತ ಹೆಸರಿನಲ್ಲಿ ನಿವೇಶನವನ್ನೋ ಮ್ಯೂಚುವಲ್ ಫಂಡನ್ನೋ ಕೊಂಡರೆ, ಆ ಭಾಗದ ಬಡ್ಡಿಯನ್ನು ವ್ಯಾಪಾರದ ವೆಚ್ಚವೆಂದು ಕಳೆಯುವ ಹಕ್ಕೂ ತಪ್ಪುತ್ತದೆ.

ಇನ್ನು ಎಷ್ಟು ಹಣ ತೆಗೆಯಬಹುದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಹಾರ್ಡ್‌ವೇರ್ ಅಂಗಡಿಯೊಂದರ ಖಾತೆಯಲ್ಲಿ ಆಗಸ್ಟ್ ಕೊನೆಗೆ 9,40,000 ರೂಪಾಯಿ ಇದೆ. ಮಾಲೀಕನು ಅದರಲ್ಲಿ ಆರು ಲಕ್ಷವನ್ನು ನಿವೇಶನಕ್ಕೆ ಹಾಕಬೇಕೆಂದಿದ್ದಾನೆ. ಆದರೆ ಸರಕು ಕೊಟ್ಟ ಸಗಟು ವ್ಯಾಪಾರಿಗಳಿಗೆ 2,60,000 ಸಲ್ಲಬೇಕು. ಗಿರಾಕಿಗಳಿಂದ ವಸೂಲಾದ ಜಿ.ಎಸ್.ಟಿ.ಯಲ್ಲಿ 85,000ವನ್ನು ಸೆಪ್ಟೆಂಬರ್ 20ರೊಳಗೆ ಕಟ್ಟಬೇಕು. ಅದು ಮೊದಲಿನಿಂದಲೂ ಸರ್ಕಾರದ ಹಣ. ಸೆಪ್ಟೆಂಬರ್ 15ರ ಮುಂಗಡ ತೆರಿಗೆಯ ಕಂತು 45,000. ವ್ಯಾಪಾರ ಮಂದವಾದರೂ ತಪ್ಪದ ಬಾಡಿಗೆ, ಸಂಬಳ, ಸಾಲದ ಕಂತುಗಳು ತಿಂಗಳಿಗೆ 80,000ದಂತೆ ಮೂರು ತಿಂಗಳಿಗೆ 2,40,000. ಮಳೆ ನಿಂತು ಕಟ್ಟಡದ ಕೆಲಸಗಳು ಆರಂಭವಾಗುವ ವೇಳೆಗೆ ತರಿಸಬೇಕಾದ ಸರಕಿಗೆ 1,10,000. ಇವೆಲ್ಲವನ್ನೂ ಕಳೆದ ಮೇಲೆ ಉಳಿಯುವುದು 2,00,000. ಅದೇ ನಿಜವಾದ ಹೆಚ್ಚುವರಿ. ಗಿರಾಕಿಗಳಿಂದ ಬರಬೇಕಾದ ಉದ್ರಿಯನ್ನು, ಅದು ಕೈಗೆ ಬರುವವರೆಗೆ, ಈ ಲೆಕ್ಕಕ್ಕೆ ಸೇರಿಸತಕ್ಕದ್ದಲ್ಲ. ಆರು ಲಕ್ಷ ತೆಗೆದಿದ್ದರೆ ನಾಲ್ಕು ಲಕ್ಷದ ಕೊರತೆ ಬಿದ್ದು, ಅವನು ಸಗಟು ವ್ಯಾಪಾರಿಗೋ ಸರ್ಕಾರಕ್ಕೋ ಬಾಕಿಯಿಟ್ಟು ಬಡ್ಡಿ ತೆರಬೇಕಾಗುತ್ತಿತ್ತು.

ವ್ಯಾಪಾರವು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದರೆ ಕ್ರಮವೇ ಬೇರೆ. ಅಲ್ಲಿ ಹಣವು ಕಂಪನಿಯದು. ಸಂಬಳ, ಲಾಭಾಂಶ ಮೊದಲಾದ ವಿಧಿಬದ್ಧ ಮಾರ್ಗಗಳಿಂದಲೇ ಅದನ್ನು ಪಡೆಯಬೇಕು. ದೊಡ್ಡ ಷೇರುದಾರನು ಸಾಲವೆಂದು ತೆಗೆದುಕೊಂಡ ಹಣವನ್ನು ತೆರಿಗೆಯ ಕಾನೂನು ಲಾಭಾಂಶವೆಂದೇ ಎಣಿಸಬಹುದು.

ಆದುದರಿಂದ ವಾಚಕರು ಮಾಡಬೇಕಾದುದಿಷ್ಟು: ಅಂಗಡಿಯ ಯು.ಪಿ.ಐ. ಫಲಕವನ್ನು ಚಾಲ್ತಿ ಖಾತೆಗೆ ಮಾತ್ರ ಜೋಡಿಸಿರಿ. ಮನೆಖರ್ಚಿಗೆ ತಿಂಗಳಿಗೊಮ್ಮೆ ನಿಶ್ಚಿತ ಮೊತ್ತವನ್ನು ಉಳಿತಾಯ ಖಾತೆಗೆ ವರ್ಗಾಯಿಸಿ, ಹೂಡಿಕೆಗಳನ್ನು ಆ ಖಾತೆಯಿಂದಲೇ ಮಾಡಿರಿ. ಮೂರು ತಿಂಗಳಿಗೊಮ್ಮೆ ಮೇಲಿನ ಲೆಕ್ಕವನ್ನು ಕಾಗದದ ಮೇಲೆ ಬರೆದ ಹೊರತು ಆ ನಿಶ್ಚಿತ ಮೊತ್ತಕ್ಕಿಂತ ಹೆಚ್ಚಿನ ಹಣವನ್ನು ಅಂಗಡಿಯಿಂದ ತೆಗೆಯದಿರಿ.