ಸಂಕ್ರಾಂತಿಗೂ ಮೊದಲೇ ಇಳಿಯಬೇಕಾದ ಸ್ವೆಟರ್ ಬೆಲೆ

ಆದಿತ್ಯನಗರ, ಸೇಡಂ ಕಡೆ ಬಿಸಿಲೇ ಹೆಚ್ಚು, ಚಳಿಗಾಲ ಚಿಕ್ಕದು. ಬಟ್ಟೆ ಅಂಗಡಿಯವನಾಗಿ ನಾನು ಅತಿ ಹೆಚ್ಚು ಕಳೆದುಕೊಂಡಿದ್ದು ಸ್ವೆಟರ್‌ನಲ್ಲಿ.

1. ತೊಗರಿ ದುಡ್ಡಿಗೆ ಕಾಯಬೇಡಿ

ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಯಾಗುತ್ತದೆ. ರೈತರ ಕೈಗೆ ದುಡ್ಡು ಬರಲಿ, ಉಳಿದ ಸ್ವೆಟರ್ ಪೂರ್ತಿ ಬೆಲೆಗೇ ಹೋಗುತ್ತವೆ ಎಂದು ಕಾದೆ. ದುಡ್ಡೇನೋ ಬಂತು, ಆದರೆ ಅಷ್ಟರಲ್ಲಿ ಚಳಿ ಮುಗಿಯುತ್ತಾ ಬಂದಿತ್ತು. ಬಂದವರು ಮದುವೆಯ ಸೀರೆ, ಧೋತರ ಕೇಳಿದರು. 'ಈಗ ಸ್ವೆಟರ್ ತಗೊಂಡು ಏನ್ ಮಾಡೋದ್ರಿ?' ಎಂದ ಗಿರಾಕಿಗೆ ನನ್ನಲ್ಲಿ ಉತ್ತರವಿರಲಿಲ್ಲ.

2. ಉಳಿದ ಮಾಲನ್ನು ವಾರಗಳಲ್ಲಿ ಅಳೆಯಿರಿ

ಈಗ ಡಿಸೆಂಬರ್ ಮಧ್ಯದಲ್ಲೇ ಲೆಕ್ಕಕ್ಕೆ ಕೂರುತ್ತೇನೆ. ಉಳಿದ ಮಾಲನ್ನು ಹಿಂದಿನ ವಾರದ ಮಾರಾಟದಿಂದ ಭಾಗಿಸಿದರೆ ಅದು ಖಾಲಿಯಾಗಲು ಎಷ್ಟು ವಾರ ಬೇಕು ಎಂದು ಗೊತ್ತಾಗುತ್ತದೆ. 60 ಸ್ವೆಟರ್ ಉಳಿದಿದ್ದು ವಾರಕ್ಕೆ 10 ಹೋಗುತ್ತಿದ್ದರೆ ಆರು ವಾರ ಬೇಕು. ಚಳಿ ಇಳಿಯುವ ಸಂಕ್ರಾಂತಿಗೆ ಇರುವುದು ನಾಲ್ಕೇ ವಾರ. ಅಂದರೆ 20 ಉಳಿಯುವುದು ಆಗಲೇ ಗೊತ್ತಾದಂತೆ. ಬೆಲೆ ಇಳಿಸಬೇಕಾದ್ದು ಆ ದಿನವೇ, ಚಳಿ ಹೋದ ಮೇಲಲ್ಲ.

3. ಎಲ್ಲದರ ಬೆಲೆ ಇಳಿಸಬೇಡಿ

ಮೊದಲು ಇಡೀ ರ‍್ಯಾಕಿಗೆ ಒಂದೇ ಬೋರ್ಡು ಹಾಕುತ್ತಿದ್ದೆ. ಹೇಗೂ ಮಾರಿಹೋಗುತ್ತಿದ್ದ ಮಾಲಿನ ಲಾಭವೂ ಅದರಲ್ಲಿ ಕರಗಿತು. ಆ 60ನ್ನು ಬಿಡಿಸಿ ನೋಡಿ. 30 ವಾರಕ್ಕೆ ಏಳರಂತೆ ಓಡುತ್ತಿವೆ, ಅವನ್ನು ಮುಟ್ಟಬೇಡಿ. ಇನ್ನು 30, ನಡುವಿನ ಸೈಜು ಖಾಲಿಯಾಗಿ ತೀರ ಚಿಕ್ಕದು, ತೀರ ದೊಡ್ಡದು ಮಾತ್ರ ಉಳಿದವು, ವಾರಕ್ಕೆ ಮೂರೇ ಹೋಗುತ್ತಿವೆ. ಅಸಲು 400, ಮಾರುವ ಬೆಲೆ 650 ಎಂದುಕೊಳ್ಳಿ. ಹಾಗೇ ಬಿಟ್ಟರೆ ನಾಲ್ಕು ವಾರದಲ್ಲಿ 12 ಮಾರಿ 7,800 ರೂಪಾಯಿ ಬರುತ್ತದೆ, 18 ಉಳಿಯುತ್ತವೆ. 455ಕ್ಕೆ ಇಳಿಸಿ ಮೂವತ್ತೂ ಹೋದರೆ 13,650 ರೂಪಾಯಿ. ಕಾದವನು ಇದಕ್ಕೆ ಸಮನಾಗಲು ಉಳಿದ ಹದಿನೆಂಟನ್ನೂ ಮುಂದೆ ತಲಾ 325ಕ್ಕೆ ಮಾರಲೇಬೇಕು. ಅಷ್ಟರಲ್ಲಿ ಮಡಿಕೆಯ ಗೆರೆ ಬಿದ್ದಿರುತ್ತದೆ, ತೋಳಿನ ಅಂಚು ಸಡಿಲಾಗಿರುತ್ತದೆ, ಬಣ್ಣ ಹಳೆಯದಾಗಿರುತ್ತದೆ, ದುಡ್ಡು ಮುಂದಿನ ನವೆಂಬರ್‌ವರೆಗೆ ಗಂಟಿನಲ್ಲೇ ಇರುತ್ತದೆ.

ಇಳಿಸಿದ ಮೇಲೆ ವಾರಕ್ಕೆ ಏಳೆಂಟು ಹೋಗದಿದ್ದರೆ ಎರಡನೇ ವಾರಕ್ಕೇ ಅಸಲಿಗೆ ಇಳಿಸುತ್ತೇನೆ. ಶಾಲೆಯ ನೀಲಿ ಸ್ವೆಟರ್‌ಗೆ ಈ ಲೆಕ್ಕ ಬೇಡ. ಬಣ್ಣ ಬದಲಾಗದಿದ್ದರೆ ಅದು ಮುಂದಿನ ವರ್ಷವೂ ಪೂರ್ತಿ ಬೆಲೆಗೇ ಹೋಗುತ್ತದೆ.

4. ಮೊದಲ ಇಳಿಕೆ ಕಣ್ಣಿಗೆ ಕಾಣಬೇಕು

ಶೇಕಡಾ 10 ಇಳಿಸಿದಾಗ ಯಾರೂ ತಿರುಗಿ ನೋಡಲಿಲ್ಲ, ಚೌಕಾಸಿಯಲ್ಲಿ ಅಷ್ಟನ್ನು ನಾನು ಯಾವಾಗಲೂ ಬಿಡುತ್ತಿದ್ದೆ. ಈಗ ಮೊದಲ ಸಲವೇ ಶೇಕಡಾ 30 ಇಳಿಸಿ, ಹಳೆಯ ಬೆಲೆ ಹೊಡೆದುಹಾಕಿ ಹೊಸದನ್ನು ಚೀಟಿಯಲ್ಲೇ ಬರೆಯುತ್ತೇನೆ. ಆಮೇಲೆ ಚೌಕಾಸಿ ಇಲ್ಲ. ಇಲ್ಲಿನ ಸಿಮೆಂಟ್ ಫ್ಯಾಕ್ಟರಿಯವರ ಸಂಬಳದ ವಾರ ಇನ್ನೂ ಚಳಿಯಲ್ಲೇ ಬರುವುದರಿಂದ ಆ ಚೀಟಿಗಳು ಜನವರಿ ಮೊದಲ ವಾರದಲ್ಲೂ ರ‍್ಯಾಕಿನ ಮುಂದಿನ ಸಾಲಿನಲ್ಲಿರುತ್ತವೆ.