ಲೋಗೋ ಒಂದು ಕಡೆ ತಿದ್ದಿ, ನಾಲ್ಕೂ ಕಡೆ ಬದಲಾಗಲಿ

ಕಾಫಿಪುಡಿ ಅಂಗಡಿಯೊಂದಕ್ಕೆ ಲೋಗೋ ಮಾಡುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಅರ್ಧ ಕೆಜಿ ಪ್ಯಾಕೆಟ್, ಕಪ್, ಕೈಚೀಲ, ಅಂಗಡಿಯ ಬೋರ್ಡು, ಈ ನಾಲ್ಕರ ಮೇಲೂ ಅದನ್ನು ಕೂರಿಸಿ ಮಾಲೀಕರಿಗೆ ತೋರಿಸಿದಿರಿ. ಅವರು ನೋಡಿ, "ಆ ಕಾಫಿಬೀಜ ಇನ್ನೊಂಚೂರು ದಪ್ಪ ಇರಲಿ" ಎಂದರು. ಮೊದಮೊದಲು ಇಂಥ ಒಂದು ಮಾತಿಗೆ ನಾನು ನಾಲ್ಕೂ ಕಡೆ ಲೋಗೋ ಅಳಿಸಿ, ಮತ್ತೆ ಓರೆ ಮಾಡಿ, ಮತ್ತೆ ಬಾಗಿಸಿ ರಾತ್ರಿ ಕಳೆಯುತ್ತಿದ್ದೆ. ಫೋಟೋಶಾಪ್‌ನ ಸ್ಮಾರ್ಟ್ ಆಬ್ಜೆಕ್ಟನ್ನು ಸರಿಯಾಗಿ ಕಟ್ಟಿಕೊಂಡರೆ ಇದು ಒಂದೆರಡು ನಿಮಿಷದ ಕೆಲಸ.

ಸ್ಮಾರ್ಟ್ ಆಬ್ಜೆಕ್ಟ್ ಅಂದರೆ ಲೇಯರ್‌ನೊಳಗೆ ಕೂತ ಇನ್ನೊಂದು ಕಡತ. ಹೊರಗೆ ನೀವು ಅದನ್ನು ಎಷ್ಟೇ ಕುಗ್ಗಿಸಿ, ತಿರುಗಿಸಿ, ಒಳಗಿನ ಮೂಲಕ್ಕೆ ಏನೂ ಆಗುವುದಿಲ್ಲ. ಒಂದೇ ಮೂಲವನ್ನು ಹತ್ತು ಲೇಯರ್‌ಗಳು ಹಂಚಿಕೊಳ್ಳಬಹುದು, ಪ್ರತಿಯೊಂದೂ ತನ್ನ ಓರೆ, ತನ್ನ ಬಾಗು ಉಳಿಸಿಕೊಂಡೇ.

ನಾಲ್ಕೂ ಫೋಟೋಗಳನ್ನು ಒಂದೇ ಕಡತದಲ್ಲಿ ಜೋಡಿಸಿಕೊಳ್ಳಿ. ಈಗ ಬಹಳ ಜನ ತಪ್ಪುವ ಜಾಗ ಬರುತ್ತದೆ. ಲೋಗೋ ಒಂದನ್ನೇ ಸ್ಮಾರ್ಟ್ ಆಬ್ಜೆಕ್ಟ್ ಮಾಡಿದರೆ ಒಳಗಿನ ಕ್ಯಾನ್ವಾಸ್ ಆ ಲೋಗೋದ ಅಂಚಿಗೇ ಬಿಗಿಯಾಗಿ ಕತ್ತರಿಸಿಕೊಳ್ಳುತ್ತದೆ. ನಾಳೆ ಅಗಲವಾದ ಲೋಗೋ ಬಂದರೆ ಎರಡು ಬದಿಯೂ ಕಾಣದೆ ಹೋಗುತ್ತದೆ. ಆದ್ದರಿಂದ ಮೊದಲು 2000 × 2000 ಪಿಕ್ಸೆಲ್‌ನ ಒಂದು ಚೌಕ ಎಳೆದು, ಅದರ ನಡುವೆ ಸುತ್ತಲೂ ಜಾಗ ಬಿಟ್ಟು ಲೋಗೋ ಇಡಿ. ಎರಡೂ ಲೇಯರ್ ಆಯ್ದು ಬಲ ಕ್ಲಿಕ್ ಮಾಡಿ Convert to Smart Object ಒತ್ತಿ. ಚೌಕದ ಅಳತೆ ನಿರ್ಧರಿಸುವಾಗ ಲೋಗೋ ಅತಿ ದೊಡ್ಡದಾಗಿ ಕಾಣುವ ಜಾಗ, ಅಂದರೆ ಇಲ್ಲಿ ಬೋರ್ಡು, ಲೆಕ್ಕದಲ್ಲಿರಲಿ. ಒಳಗಿನ ಮೂಲ ಅದಕ್ಕಿಂತ ಚಿಕ್ಕದಿದ್ದರೆ ಅಲ್ಲಿ ಮಸುಕಾಗುತ್ತದೆ.

ಈ ಲೇಯರನ್ನು Ctrl+J ಒತ್ತಿ ಮೂರು ಸಲ ನಕಲು ಮಾಡಿ. ಮೆನುವಿನಲ್ಲಿ New Smart Object via Copy ಎಂಬುದೂ ಇದೆ, ಅದನ್ನು ಮುಟ್ಟಬೇಡಿ. ಅದು ಮೂಲದಿಂದ ಬೇರ್ಪಟ್ಟ ಹೊಸ ಕಡತವನ್ನೇ ಹುಟ್ಟಿಸುತ್ತದೆ. ಮುಂದೆ ಮೂರು ಕಡೆ ಲೋಗೋ ಬದಲಾಗಿ ಒಂದು ಕಡೆ ಹಳೆಯದೇ ಉಳಿದರೆ, ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಇನ್ನು ಕೂರಿಸುವುದು. Ctrl+T ಒತ್ತಿ, Ctrl ಹಿಡಿದು ಮೂಲೆಗಳನ್ನು ಎಳೆದರೆ ಲೋಗೋ ಪ್ಯಾಕೆಟ್ಟಿನ ಓರೆಗೆ ಹೊಂದುತ್ತದೆ. ಕಪ್ಪಿಗೆ ಬಲ ಕ್ಲಿಕ್ಕಿನಲ್ಲಿ Warp ಆಯ್ದು, ಮೇಲಿನ ಕೆಳಗಿನ ಅಂಚುಗಳನ್ನು ಕಪ್ಪಿನ ಬಾಯಿಯ ಬಾಗಿಗೆ ಸರಿಯಾಗಿ ಬಗ್ಗಿಸಿ. ಒಳಗಿಟ್ಟ ಚೌಕ ಈಗ ಎರಡನೇ ಉಪಕಾರ ಮಾಡುತ್ತದೆ: ಬರೀ ಲೋಗೋದಲ್ಲಿ ಓರೆ ತಪ್ಪಿದ್ದು ಗೊತ್ತಾಗುವುದಿಲ್ಲ, ಚೌಕದ ನೇರ ಅಂಚು ಪ್ಯಾಕೆಟ್ಟಿನ ಅಂಚಿಗೆ ಸಮಾಂತರವಿಲ್ಲದಿದ್ದರೆ ಕಣ್ಣಿಗೆ ಹೊಡೆಯುತ್ತದೆ. ನಾಲ್ಕೂ ಕೂತ ಮೇಲೆ ಯಾವುದಾದರೂ ಒಂದು ಸ್ಮಾರ್ಟ್ ಆಬ್ಜೆಕ್ಟಿನ ಪುಟ್ಟ ಚಿತ್ರದ ಮೇಲೆ ಡಬಲ್ ಕ್ಲಿಕ್ ಮಾಡಿ, ತೆರೆದ ಕಡತದಲ್ಲಿ ಚೌಕದ ಕಣ್ಣು ಮುಚ್ಚಿ Ctrl+S ಒತ್ತಿ. ಚೌಕವನ್ನು ಅಳಿಸಬೇಡಿ, ಇನ್ನೊಮ್ಮೆ ಬೇಕಾಗುತ್ತದೆ.

ಕಂದು ಕಾಗದದ ಪ್ಯಾಕೆಟ್ಟಿನ ಮೇಲೆ ಲೇಯರನ್ನು Multiply ಗೆ ಹಾಕಿದರೆ ಕಾಗದದ ಎಳೆ ಲೋಗೋದ ಮೂಲಕವೂ ಕಾಣುತ್ತದೆ. ಕಡುಬಣ್ಣದ ಕೈಚೀಲಕ್ಕೆ ಬಿಳಿ ಲೋಗೋ ಬೇಕೇ? ಆ ಲೇಯರಿಗೆ ಮಾತ್ರ ಬಿಳಿಯ Color Overlay ಕೊಡಿ. ಮೂಲ ಬದಲಾದರೂ ಅದು ಉಳಿಯುತ್ತದೆ. ಒಂದೇ ಬಣ್ಣದ ಲೋಗೋಗಷ್ಟೇ ಈ ಉಪಾಯ. ಎರಡು ಮೂರು ಬಣ್ಣವಿದ್ದರೆ ಕೈಚೀಲಕ್ಕೆ ಬೇರೆಯೇ ಮೂಲ ಬೇಕು.

ಮಾಲೀಕರು ತಿದ್ದುಪಡಿ ಹೇಳಿದಾಗ ಮತ್ತೆ ಡಬಲ್ ಕ್ಲಿಕ್ ಮಾಡಿ, ಹೊಸ ಲೋಗೋವನ್ನು ಚೌಕದೊಳಗೆ ಎಳೆದು ತಂದು, ಹಳೆಯದರ ಕಣ್ಣು ಮುಚ್ಚಿ Ctrl+S ಒತ್ತಿ. ಮುಖ್ಯ ಕಡತಕ್ಕೆ ಮರಳಿದರೆ ನಾಲ್ಕೂ ಬದಲಾಗಿರುತ್ತವೆ. Save As ಮಾಡಿ ಬೇರೆ ಫೋಲ್ಡರಿನಲ್ಲಿ ಉಳಿಸಿದರೆ ಏನೂ ಬದಲಾಗುವುದಿಲ್ಲ. ಒಳಗಿನ ಕ್ಯಾನ್ವಾಸನ್ನು ಕ್ರಾಪ್ ಮಾಡಿದರಂತೂ ಅಷ್ಟು ಜೋಪಾನವಾಗಿ ಕೂರಿಸಿದ ಲೋಗೋ ಜಾಗ ತಪ್ಪುತ್ತದೆ.

ಹೊಸ ಲೋಗೋ ಬಿಳಿ ಹಿನ್ನೆಲೆಯ ಜೆಪಿಜಿ ಆಗಿದ್ದರೆ ಒಂದು ಮೋಸ ಕಾದಿರುತ್ತದೆ. Multiply ಬಿಳಿಯನ್ನು ನುಂಗುವುದರಿಂದ ಪ್ಯಾಕೆಟ್ಟಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. Multiply ಇಲ್ಲದ ಕಡೆ, ಉದಾಹರಣೆಗೆ ಬೋರ್ಡಿನ ಮೇಲೆ, ಲೋಗೋದ ಸುತ್ತ ಬಿಳಿ ಡಬ್ಬಿ ಎದ್ದು ನಿಲ್ಲುತ್ತದೆ. ಹಿನ್ನೆಲೆಯಿಲ್ಲದ ಕಡತವನ್ನೇ ಕೇಳಿ ಪಡೆಯಿರಿ. ಹಾಗೆಯೇ ಲೋಗೋದಲ್ಲಿ ಕನ್ನಡ ಅಕ್ಷರಗಳಿದ್ದು, ಕಡತ ಇನ್ನೊಬ್ಬರ ಕಂಪ್ಯೂಟರಿಗೆ ಹೋಗುವುದಿದ್ದರೆ, ಅಕ್ಷರದ ಲೇಯರನ್ನು ಮೊದಲೇ Convert to Shape ಮಾಡಿ. ಅಲ್ಲಿ ಆ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ ಕೆಡುವುದಿಲ್ಲ.

ನಾಲ್ಕು ನೋಟಗಳೂ ಬೇರೆ ಬೇರೆ ಕಡತದಲ್ಲಿದ್ದರೆ Ctrl+J ನಡೆಯದು. ಒಂದರಿಂದ ಇನ್ನೊಂದಕ್ಕೆ ಎಳೆದು ಬಿಟ್ಟರೆ ಮೂಲವೂ ಬೇರೆಯಾಗುತ್ತದೆ. ಅಲ್ಲಿ ಲೋಗೋವನ್ನು ಒಂದು ಪಿಎಸ್‌ಡಿಯಾಗಿ ಇಟ್ಟುಕೊಂಡು, ಪ್ರತಿ ಕಡತಕ್ಕೂ File ಮೆನುವಿನ Place Linked ಮೂಲಕ ತನ್ನಿ. ಮುಚ್ಚಿಟ್ಟ ಕಡತ ತೆರೆದಾಗ ಲೋಗೋ ಹಳೆಯದಾಗಿಯೇ ಕಂಡರೆ ಲೇಯರ್ ಮೇಲೆ ಬಲ ಕ್ಲಿಕ್ ಮಾಡಿ Update Modified Content ಒತ್ತಿ. ಆ ಪಿಎಸ್‌ಡಿಯ ಹೆಸರನ್ನಾಗಲಿ ಫೋಲ್ಡರನ್ನಾಗಲಿ ಬದಲಿಸಿದರೆ ಕೊಂಡಿ ಕಡಿಯುತ್ತದೆ. ಹಾಗಾಗಿ ನಾಲ್ಕು ಕಡತಗಳ ಜೊತೆ ಒಂದೇ ಫೋಲ್ಡರಿನಲ್ಲಿ, "ಫೈನಲ್ 2", "ಫೈನಲ್ 3" ಎಂದೆಲ್ಲ ಹೆಸರು ಬದಲಿಸದೆ ಅದನ್ನು ಇಟ್ಟುಕೊಳ್ಳಿ.