ಸಾಲಿನ ಮೊತ್ತ ಏಕೆ ಇಮ್ಮಡಿಯಾಗುತ್ತದೆ? – ಪಾಸ್ಕಲ್ ತ್ರಿಭುಜದ ಒಂದು ಅಭ್ಯಾಸ ಪಾಠ

ತರಗತಿ: 9 &nbsp; ಅವಧಿ: 40 ನಿಮಿಷಗಳ ಎರಡು ಪಾಠಗಳು

ಮೊದಲ ಪಾಠ ಮತ್ತು ಅದರ ಕೊರತೆ

ದ್ವಿಪದ ಗುಣಾಂಕಗಳ ತ್ರಿಭುಜವನ್ನು ಕಪ್ಪುಹಲಗೆಯ ಮೇಲೆ ಬರೆದು, ಪ್ರತಿ ಸಾಲನ್ನು ಕೂಡಲು ಹೇಳಿದೆ.

```
        1
       1 1
      1 2 1
     1 3 3 1
    1 4 6 4 1
```

1, 2, 4, 8, 16 ಎಂದು ಉತ್ತರ ಬಂತು. "ಮುಂದಿನದು 32, ಅಂದರೆ n ನೇ ಸಾಲಿನ ಮೊತ್ತ 2ⁿ" ಎಂದು ನಾನೇ ಬರೆದು ಪಾಠ ಮುಗಿಸಿದೆ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: "ಐದು ಸಾಲು ನೋಡಿದಿರಿ, ಕಾರಣ ಎಲ್ಲಿ?"

ಈ ಪ್ರಶ್ನೆಯ ತೂಕ ಮಕ್ಕಳಿಗೂ ತಿಳಿಯಲೆಂದು ಎರಡನೆಯ ಪಾಠವನ್ನು ಒಂದು ವೃತ್ತದಿಂದ ಆರಂಭಿಸಿದೆ. ವೃತ್ತದ ಮೇಲೆ ಬಿಂದುಗಳನ್ನು ಗುರುತಿಸಿ, ಪ್ರತಿ ಎರಡು ಬಿಂದುಗಳನ್ನೂ ಜ್ಯಾದಿಂದ ಸೇರಿಸಿ, ವೃತ್ತ ಎಷ್ಟು ಭಾಗವಾಯಿತೆಂದು ಎಣಿಸಬೇಕು. ಬಿಂದುಗಳು 1, 2, 3, 4, 5 ಇದ್ದಾಗ ಭಾಗಗಳು 1, 2, 4, 8, 16. ಆರು ಬಿಂದುಗಳಿಗೆ ಎಲ್ಲರೂ 32 ಎಂದರು. ಎಣಿಸಿದಾಗ ಸಿಕ್ಕಿದ್ದು 31. (ಆರು ಬಿಂದುಗಳನ್ನು ಸಮ ಅಂತರದಲ್ಲಿ ಇಟ್ಟರೆ ಮೂರು ಜ್ಯಾಗಳು ನಡುವೆ ಒಂದೇ ಕಡೆ ಸಂಧಿಸಿ 30 ಮಾತ್ರ ಬರುತ್ತದೆ. ಬಿಂದುಗಳನ್ನು ಸ್ವಲ್ಪ ಸರಿಸಿ ಇಡಬೇಕು.) "ಹಾಗಾದರೆ ತ್ರಿಭುಜದಲ್ಲೂ ಮುಂದೆ ಎಲ್ಲಾದರೂ ತಪ್ಪಬಹುದಲ್ವಾ ಸರ್?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಆ ಪ್ರಶ್ನೆಯಿಂದ ನಿಜವಾದ ಪಾಠ ಶುರುವಾಯಿತು.

ಮೊದಲ ಕಾರಣ: ಪ್ರತಿ ಸಂಖ್ಯೆಯೂ ಎರಡು ಸಲ ಇಳಿಯುತ್ತದೆ

1 3 3 1 ಸಾಲಿನಿಂದ ಮುಂದಿನ ಸಾಲನ್ನು ಕೂಡದೆ ಹಾಗೆಯೇ ಬರೆಸಿದೆ:

1, (1+3), (3+3), (3+1), 1

ಮೇಲಿನ ಸಾಲಿನ ಪ್ರತಿಯೊಂದು ಸಂಖ್ಯೆಯ ಕೆಳಗೆ ಎರಡು ಬಾಣ ಎಳೆಸಿದೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಇಲ್ಲಿ ಹಲವರು ಎಡವಿದರು. ಅಂಚಿನ 1 ಕೆಳಗಿನ ಅಂಚಿಗೆ ಮಾತ್ರ ಹೋಗುತ್ತದೆ ಎಂದುಕೊಂಡಿದ್ದರು. ಅದು ಅಂಚಿಗೂ ಹೋಗುತ್ತದೆ, ಪಕ್ಕದ 4ರೊಳಗೂ ಸೇರುತ್ತದೆ. ತ್ರಿಭುಜದ ಹೊರಗೆ ಎರಡೂ ಬದಿ ಸೊನ್ನೆಗಳನ್ನು ಬರೆದ ಮೇಲೆ ಅಂಚಿನ 1 ಎಂದರೆ 0+1 ಎಂಬುದು ಸ್ಪಷ್ಟವಾಯಿತು. ಪ್ರತಿ ಸಂಖ್ಯೆಯೂ ಕೆಳಗಿನ ಸಾಲಿನಲ್ಲಿ ಸರಿಯಾಗಿ ಎರಡು ಸಲ ಸೇರುವುದರಿಂದ ಕೆಳಗಿನ ಮೊತ್ತ ಮೇಲಿನದರ ಎರಡರಷ್ಟು. ಇದು ಯಾವ ಸಾಲಿಗೂ ನಿಲ್ಲುವ ಮಾತು, ಎಣಿಕೆಯ ಅಗತ್ಯವಿಲ್ಲ. ತುದಿಯ ಸಾಲನ್ನು 0 ಎಂದು ಕರೆದರೆ, 1ರಿಂದ ಹೊರಟು n ಸಲ ಇಮ್ಮಡಿಸಿದಾಗ 2ⁿ. ತುದಿಯನ್ನು ಒಂದನೆಯ ಸಾಲು ಎಂದವರಿಗೆ ಉತ್ತರ ಒಂದು ಹೆಜ್ಜೆ ತಪ್ಪುತ್ತದೆ. ಆದ್ದರಿಂದ ಸಾಲಿನ ಸಂಖ್ಯೆಯನ್ನು ಮೊದಲೇ ಪಕ್ಕದಲ್ಲಿ ಬರೆಸಬೇಕು.

ಎರಡನೆಯ ಕಾರಣ: ಲಘು, ಗುರು

ಮಕ್ಕಳು ಕನ್ನಡ ಪಾಠದಲ್ಲಿ ಅಕ್ಷರಗಣಗಳನ್ನು ಕಲಿತಿದ್ದರು. ಮೂರಕ್ಷರದ ಗಣಗಳು ಎಂಟೇ ಏಕೆ ಎಂದು ಕೇಳಿದೆ. ಪ್ರತಿ ಅಕ್ಷರ ಲಘು ಅಥವಾ ಗುರು, ಅಂದರೆ ಎರಡು ಆಯ್ಕೆ. ಮೂರು ಅಕ್ಷರಕ್ಕೆ 2×2×2 = 8. ಈಗ ಅವನ್ನೇ ಗುರುಗಳ ಸಂಖ್ಯೆಯಂತೆ ವಿಂಗಡಿಸಿದೆವು.

- ಗುರು ಇಲ್ಲದ್ದು: ನ ಗಣ – 1
- ಒಂದು ಗುರು: ಭ, ಜ, ಸ – 3
- ಎರಡು ಗುರು: ಯ, ರ, ತ – 3
- ಮೂರೂ ಗುರು: ಮ ಗಣ – 1

ಹಲಗೆಯ ಮೇಲೆ 1 3 3 1 ಸಾಲು ತಾನಾಗಿ ಬಂತು. ಪಿಂಗಳನ ಛಂದಃಸೂತ್ರಕ್ಕೆ 10ನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ಇದೇ ತ್ರಿಭುಜವನ್ನು ಮೇರುಪ್ರಸ್ತಾರವೆಂದು ವಿವರಿಸಿದ್ದಾನೆ.

ಗಣಗಳ ಎಣಿಕೆ ತ್ರಿಭುಜಕ್ಕೆ ಹೊಂದಿದ್ದು ಆಕಸ್ಮಿಕವೇ? ನಾಲ್ಕಕ್ಷರದಲ್ಲಿ ಎರಡು ಗುರು ಇರುವ ವಿನ್ಯಾಸಗಳನ್ನು ಎಣಿಸೋಣ. ಕೊನೆಯದು ಗುರುವಾದರೆ ಮೊದಲ ಮೂರರಲ್ಲಿ ಒಂದು ಗುರು ಇರಬೇಕು: 3 ಬಗೆ. ಕೊನೆಯದು ಲಘುವಾದರೆ ಮೊದಲ ಮೂರರಲ್ಲಿ ಎರಡು ಗುರು: 3 ಬಗೆ. ಒಟ್ಟು 3+3 = 6. ಇದು ತ್ರಿಭುಜದ ಕೂಡುವ ನಿಯಮವೇ. ಪ್ರತಿ ಗಣದ ಕೊನೆಗೆ ಒಮ್ಮೆ ಲಘು, ಒಮ್ಮೆ ಗುರು ಸೇರಿಸಿದರೆ ಒಂದು ಎರಡಾಗುತ್ತದೆ. ನಾವು ಎಳೆದ ಎರಡು ಬಾಣಗಳು ಇವೇ. ಎರಡು ಕಾರಣಗಳೂ ಒಂದೇ ಎಂದು ಮಕ್ಕಳಿಗೆ ಹೊಳೆದದ್ದು ಇಲ್ಲಿ.

ಮೌಲ್ಯಮಾಪನ

"6ನೇ ಸಾಲಿನ ಮೊತ್ತವೆಷ್ಟು?" ಎಂಬ ಪ್ರಶ್ನೆಗೆ ವಿನ್ಯಾಸ ಬಾಯಿಪಾಠ ಮಾಡಿದವರೂ 64 ಎನ್ನುತ್ತಾರೆ. ಅದಕ್ಕೆ ಬದಲಾಗಿ ಹೀಗೆ ಕೇಳಿದೆ: ತುದಿಯಲ್ಲಿ 1ರ ಬದಲು 3 ಇಟ್ಟು ಅದೇ ನಿಯಮದಿಂದ ತ್ರಿಭುಜ ಕಟ್ಟಿದರೆ 4ನೇ ಸಾಲಿನ ಮೊತ್ತವೆಷ್ಟು? ಕೆಲವರು ಮತ್ತೆ 16 ಎಂದೇ ಬರೆದರು. ಸಾಲುಗಳನ್ನು ಕಟ್ಟದೆಯೇ 3, 6, 12, 24, 48 ಎಂದು ಬರೆದವರು, ಇಮ್ಮಡಿಯಾಗುವುದು ನಿಯಮದಿಂದ, ಎರಡರ ಘಾತವಾಗುವುದು ತುದಿಯ 1ರಿಂದ ಎಂಬುದನ್ನು ಬೇರ್ಪಡಿಸಿ ನೋಡಿದ್ದರು. ಮೊದಲ ಪಾಠದ ಕೊನೆಗೆ ಈ ಪ್ರಶ್ನೆ ಕೇಳಿದ್ದರೆ, ನಾನು ಸೂತ್ರ ಕೊಟ್ಟಿದ್ದೇನೆ, ಕಾರಣ ಕೊಟ್ಟಿಲ್ಲ ಎಂಬುದು ಅಂದೇ ತಿಳಿಯುತ್ತಿತ್ತು.